ತಿಳಿನೀರಿನ ಮೀನು ಸಾಯುವುದೇಕೆ?

ಗಾಜಿನ ತೊಟ್ಟಿಯಲ್ಲಿ ಮೀನು ಸತ್ತಾಗ ನಮ್ಮ ಕೊಡಗಿನಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ‘ಮಳೆಗಾಲದ ಚಳಿ ತಡೆಯಲಿಲ್ಲ’, ಇಲ್ಲವೇ ‘ಏನೋ ರೋಗ ಬಂತು’. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ನಿಜವಲ್ಲವೆಂದು ನನ್ನ ಅಭಿಪ್ರಾಯ. ಹೊಸ ತೊಟ್ಟಿಯ ಮೊದಲ ಒಂದೆರಡು ತಿಂಗಳಲ್ಲಿ ಮೀನನ್ನು ಕೊಲ್ಲುವುದು ಅದರ ಕಿವಿರಿನಿಂದಲೇ ಹೊರಬೀಳುವ ಅಮೋನಿಯಾ, ಮತ್ತು ಅದರಿಂದ ಹುಟ್ಟುವ ನೈಟ್ರೈಟ್. ಎರಡಕ್ಕೂ ಬಣ್ಣವಿಲ್ಲ. ಆದುದರಿಂದ ನೀರು ಸ್ಫಟಿಕದಂತೆ ತಿಳಿಯಾಗಿರುವಾಗಲೇ ಮೀನು ಸಾಯುತ್ತದೆ.

ಕಳೆದ ಆಷಾಢದಲ್ಲಿ ವಿರಾಜಪೇಟೆಯ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಮಗಳಿಗಾಗಿ 60 ಲೀಟರಿನ ತೊಟ್ಟಿಯನ್ನೂ ಆರು ಗೋಲ್ಡ್‌ಫಿಶ್‌ಗಳನ್ನೂ ಒಂದೇ ದಿನ ಕೊಂಡು ತಂದಿದ್ದನಂತೆ. ವಾರದೊಳಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಆತ ಎರಡು ಬಾರಿ ಪೂರ್ತಿ ನೀರು ಬದಲಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಂಡಿ ತೊಳೆದ. ಹದಿನಾರನೆಯ ದಿನ ಎರಡು ಮೀನು ಸತ್ತವು. “ಸಾರ್, ಅಂಗಡಿಯವರು ಯಾವುದೋ ನೀಲಿ ಔಷಧ ಕೊಟ್ಟಿದ್ದಾರೆ, ಹಾಕಲೇ?” ಎಂದು ಕೇಳಿದ.

“ಔಷಧ ಇರಲಿ, ಈಗಷ್ಟೇ ಸತ್ತ ಮೀನಿನ ಕಿವಿರು ಮುಚ್ಚಳ ಎತ್ತಿ ನೋಡಪ್ಪ, ಬಣ್ಣ ಹೇಳು” ಎಂದೆ.

“ಕಾಫಿ ಡಿಕಾಕ್ಷನ್ ಥರ ಇದೆ ಸಾರ್.”

ಆರೋಗ್ಯವಂತ ಮೀನಿನ ಕಿವಿರು ಕೆಂಪಗಿರುತ್ತದೆ. ಅಮೋನಿಯಾ ತಗುಲಿದರೆ ಅದು ಉರಿದಂತೆ ಕಡುಗೆಂಪಾಗಿ ಊದಿಕೊಂಡು, ಮೇಲೆ ಲೋಳೆ ಕಟ್ಟುತ್ತದೆ. ನೈಟ್ರೈಟ್ ಹಾಗಲ್ಲ, ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಕಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟುವುದು ಇದರಿಂದಲೇ. ಆದರೆ ಸತ್ತು ಕೆಲವು ಗಂಟೆ ಕಳೆದರೆ ಯಾವ ಕಿವಿರೂ ಬಿಳಿಚಿಕೊಳ್ಳುವುದರಿಂದ, ಬಣ್ಣ ಒಂದು ಸುಳಿವು ಮಾತ್ರ. ತೀರ್ಪು ಕೊಡಬೇಕಾದುದು ನೀರಿನ ಪರೀಕ್ಷೆ.

ಹನಿ ಹಾಕಿ ಬಣ್ಣ ಹೋಲಿಸುವ ಕಿಟ್‌ನಲ್ಲಿ ಆತ ಪರೀಕ್ಷಿಸಿದಾಗ ಲೀಟರಿಗೆ ಅಮೋನಿಯಾ 0.5 ಮಿಲಿಗ್ರಾಂ, ನೈಟ್ರೈಟ್ 2 ಮಿಲಿಗ್ರಾಂ, ಪಿಎಚ್ 6.4 ಬಂದಿತು. ಇಲ್ಲಿ ಪಿಎಚ್ ನೋಡದೆ ಅಮೋನಿಯಾದ ಅಂಕಿಗೆ ಅರ್ಥವಿಲ್ಲ. ಕಿಟ್ ತೋರಿಸುವುದು ವಿಷಕಾರಿ ಅಮೋನಿಯಾ ಮತ್ತು ಬಹುಮಟ್ಟಿಗೆ ನಿರುಪದ್ರವಿಯಾದ ಅಮೋನಿಯಂ, ಇವೆರಡರ ಮೊತ್ತವನ್ನು. 22 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 6.4 ಇದ್ದರೆ ಅದರಲ್ಲಿ ವಿಷದ ಪಾಲು ಸಾವಿರದಲ್ಲಿ ಒಂದರಷ್ಟು. ಪಿಎಚ್ 8 ಆದರೆ ನೂರರಲ್ಲಿ ನಾಲ್ಕಕ್ಕಿಂತ ಹೆಚ್ಚು. ಆತನ ಬಾವಿಯ ಮೆದುನೀರು ಅಮೋನಿಯಾದಿಂದ ಮೀನನ್ನು ಕಾಪಾಡಿತ್ತು. ಅದೇ ಮೆದುನೀರು ನೈಟ್ರೈಟಿನ ಮಟ್ಟಿಗೆ ಶತ್ರು, ಏಕೆಂದರೆ ಅದರಲ್ಲಿ ಕ್ಲೋರೈಡ್ ಅತ್ಯಲ್ಪ. ಕಿವಿರಿನಲ್ಲಿ ಕ್ಲೋರೈಡ್ ಒಳಹೋಗುವ ಬಾಗಿಲಿನಿಂದಲೇ ನೈಟ್ರೈಟೂ ನುಗ್ಗುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ.

ಹಾಗಾಗಿ ಚಿಕಿತ್ಸೆ ಅಡುಗೆಮನೆಯಲ್ಲೇ ಇತ್ತು. ನೈಟ್ರೈಟಿನ ಹತ್ತರಷ್ಟಾದರೂ ಕ್ಲೋರೈಡ್ ಬೇಕು, ಅಂದರೆ ಲೀಟರಿಗೆ 20 ಮಿಲಿಗ್ರಾಂ. ಉಪ್ಪಿನ ತೂಕದಲ್ಲಿ ಸುಮಾರು ನೂರಕ್ಕೆ 60 ಭಾಗ ಕ್ಲೋರೈಡ್. ಲೆಕ್ಕ ಮಾಡಿದರೆ 60 ಲೀಟರಿಗೆ ಎರಡು ಗ್ರಾಂ ಉಪ್ಪು ಸಾಕು. ಧಾರಾಳವಾಗಿಯೇ ಇರಲೆಂದು ಮಟ್ಟಸವಾದ ಒಂದು ಟೀ ಚಮಚ, ಸುಮಾರು ಆರು ಗ್ರಾಂ, ನೀರಿನಲ್ಲಿ ಕರಗಿಸಿ ಹಾಕಿಸಿದೆ. ಗೋಲ್ಡ್‌ಫಿಶ್‌ಗೆ ಇದು ಏನೂ ಅಲ್ಲ. ಆದರೆ ಉಪ್ಪು ನೈಟ್ರೈಟನ್ನು ತೆಗೆದುಹಾಕುವುದಿಲ್ಲ, ಅಮೋನಿಯಾಕ್ಕಂತೂ ಅದು ಮದ್ದೇ ಅಲ್ಲ. ಅದಕ್ಕಾಗಿ ದಿನಕ್ಕೆ ಮೂರನೆಯ ಒಂದು ಭಾಗ ನೀರು ಬದಲಿಸಿ, ಪ್ರತಿ ಸಲವೂ ಚಮಚದ ಮೂರನೆಯ ಒಂದು ಪಾಲು ಉಪ್ಪು ಸೇರಿಸಿ, ಮೂರು ದಿನ ಆಹಾರ ನಿಲ್ಲಿಸಿ, ಗಾಳಿಯ ಪಂಪು ಹಗಲಿರುಳು ಓಡಿಸಲು ಹೇಳಿದೆ. ನೀಲಿ ಔಷಧವನ್ನು ಮುಟ್ಟಬೇಡವೆಂದೆ. ಬೇಕಾದ ಬ್ಯಾಕ್ಟೀರಿಯಾಗಳಿಗೂ ಅದು ಹಾನಿ ಮಾಡಬಹುದು.

ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನಿರಪಾಯದ ನೈಟ್ರೇಟಾಗಿ ಮಾಡುವ ಆ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಸ್ಪಂಜಿನಲ್ಲೇ ನೆಲೆಸುತ್ತವೆ. ಅದನ್ನು ತೊಳೆಯುವುದಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು. ನಮ್ಮ ಚಳಿಗೂ ಆಮ್ಲೀಯ ನೀರಿಗೂ ಅವು ನಿಧಾನವಾಗಿ ಬೆಳೆಯುತ್ತವೆ. ಬಯಲುಸೀಮೆಯಲ್ಲಿ ತಿಂಗಳಲ್ಲಾಗುವ ಕೆಲಸಕ್ಕೆ ಇಲ್ಲಿ ಎರಡು ತಿಂಗಳು ಹಿಡಿದೀತು. ಚಳಿಯ ಮೇಲೆ ಹೊರಿಸುವ ಅಪವಾದದಲ್ಲಿ ಇಷ್ಟು ಸತ್ಯಾಂಶವಿದೆ.

ಆದಕಾರಣ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ಮಾರುವ ಪದ್ಧತಿಯನ್ನು ನಾನು ಒಪ್ಪಲಾರೆ. ಮಾರುವವರು ಔಷಧದ ಬಾಟಲಿಯ ಬದಲು ಪರೀಕ್ಷೆಯ ಕಿಟ್ ಕೊಡಲಿ. ಕೊಳ್ಳುವವರು ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಬೇಡಿ ತಂದು, ಒಂದೆರಡು ಮೀನಿನಿಂದ ಆರಂಭಿಸಲಿ.

ಉಳಿದ ನಾಲ್ಕು ಮೀನುಗಳಲ್ಲಿ ಮೂರು ಬದುಕಿದವು. ಐದನೆಯ ವಾರ ಕಳೆದ ಮೇಲೆ ನೈಟ್ರೈಟ್ ಸೊನ್ನೆಗೆ ಇಳಿಯಿತು. ಈಗ ಭಾನುವಾರದ ಪರೀಕ್ಷೆಯನ್ನು ಮಗಳೇ ಮಾಡುತ್ತಾಳಂತೆ, ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳಂತೆ.