ತಪ್ಪು ಹುಡುಕುವಾಗ ಕ್ರಿಯಾಪದದಿಂದ ಹಿಂದಕ್ಕೆ

ವಾಕ್ಯದ ತಪ್ಪು ಗುರುತಿಸುವ ಪ್ರಶ್ನೆಗೆ ಹೆಚ್ಚಿನವರು ಕಿವಿಯನ್ನೇ ನಂಬುತ್ತಾರೆ. ಒಮ್ಮೆ ಓದಿ, ಎಲ್ಲಿ ಒರಟೆನಿಸಿತೋ ಅಲ್ಲಿ ಗುರುತು ಹಾಕುತ್ತಾರೆ. ಆದರೆ ಈ ಪ್ರಶ್ನೆಗಳನ್ನು ಹೆಣೆಯುವುದೇ ಕಿವಿಗೆ ಸರಿ ಕೇಳಿಸುವಂತೆ. ಅದಕ್ಕಾಗಿ ಕನ್ನಡ ವಾಕ್ಯವನ್ನು ಕೊನೆಯಿಂದ, ಅಂದರೆ ಕ್ರಿಯಾಪದದಿಂದ, ಪರೀಕ್ಷಿಸಬೇಕೆಂಬುದು ನನ್ನ ವಾದ.

ಈ ವಾಕ್ಯ ನೋಡಿ: ‘ಸರ್ಕಾರ ಶಾಲೆಗಳಿಗೆ ಒದಗಿಸಿದ / ಹೊಸ ಪುಸ್ತಕಗಳ ಪಟ್ಟಿ / ನಿನ್ನೆಯೇ ಮುಖ್ಯೋಪಾಧ್ಯಾಯರ ಕೈ / ಸೇರಿವೆ.’ ಮೊದಲಿಂದ ಓದಿದರೆ ಎಲ್ಲೂ ತಡೆಯುವುದಿಲ್ಲ. ‘ಶಾಲೆಗಳು’, ‘ಪುಸ್ತಕಗಳು’ ಎಂಬ ಬಹುವಚನ ಕಿವಿಯಲ್ಲಿ ಉಳಿದಿರುವುದರಿಂದ ‘ಸೇರಿವೆ’ ಸಹಜವಾಗಿಯೇ ಕೇಳುತ್ತದೆ. ಈಗ ಕ್ರಿಯಾಪದವನ್ನು ಹಿಡಿದು ಕೇಳಿ: ಸೇರಿದ್ದು ಏನು? ಪಟ್ಟಿ. ‘ಪುಸ್ತಕಗಳ’ ಎಂಬುದು ಷಷ್ಠಿ ವಿಭಕ್ತಿಯಲ್ಲಿದೆ, ಅದು ಕರ್ತೃವಾಗಲಾರದು. ಪಟ್ಟಿ ಒಂದೇ, ಆದ್ದರಿಂದ ‘ಸೇರಿದೆ’ ಆಗಬೇಕು. ತಪ್ಪು ನಾಲ್ಕನೆಯ ಭಾಗದಲ್ಲಿದೆ.

ವಿಭಕ್ತಿಯ ತಪ್ಪಿಗೂ ಇದೇ ದಾರಿ. ‘ಅವಳಿಗೆ ಸಂಗೀತ ಇಷ್ಟಪಡುತ್ತಾಳೆ’ ಎಂಬಲ್ಲಿ ಎರಡು ವಾಕ್ಯಗಳು ಬೆರೆತಿವೆ. ‘ಇಷ್ಟಪಡುತ್ತಾಳೆ’ ಎಂದರೆ ಇಷ್ಟಪಡುವವಳು ಪ್ರಥಮಾ ವಿಭಕ್ತಿಯಲ್ಲಿರಬೇಕು: ಅವಳು ಸಂಗೀತವನ್ನು ಇಷ್ಟಪಡುತ್ತಾಳೆ. ‘ಅವಳಿಗೆ’ ಉಳಿಯಬೇಕಾದರೆ ಕ್ರಿಯಾಪದ ಬದಲಾಗಬೇಕು: ಅವಳಿಗೆ ಸಂಗೀತ ಇಷ್ಟವಾಗುತ್ತದೆ. ಪ್ರಶ್ನೆಯಲ್ಲಿ ಯಾವ ಭಾಗಕ್ಕೆ ಗೆರೆ ಎಳೆದಿದ್ದಾರೋ ಅದನ್ನಷ್ಟೇ ತಿದ್ದಬೇಕು.

ಹೆಚ್ಚು ಎಡವಿಸುವುದು ಕೃದಂತಾವ್ಯಯ. ‘ಬಸ್ಸಿನಿಂದ ಇಳಿದು ಮಳೆ ಸುರಿಯತೊಡಗಿತು.’ ಇಳಿದದ್ದು ಯಾರು, ಸುರಿದದ್ದು ಯಾವುದು ಎಂದು ಕೇಳಿದೊಡನೆ ದೋಷ ಕಾಣುತ್ತದೆ. ಎರಡು ಕ್ರಿಯೆಗೂ ಕರ್ತೃ ಒಂದೇ ಇರಬೇಕು, ಇಲ್ಲದಿದ್ದರೆ ‘ನಾವು ಬಸ್ಸಿನಿಂದ ಇಳಿದಾಗ’ ಎಂದಾಗಬೇಕು. ಆದರೆ ಈ ನಿಯಮವನ್ನು ಕುರುಡಾಗಿ ಹಚ್ಚುವಂತಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಎರಡು, ಆದರೂ ವಾಕ್ಯ ಅಚ್ಚ ಕನ್ನಡ. ಮೊದಲ ಕ್ರಿಯೆ ಎರಡನೆಯದಕ್ಕೆ ಕಾರಣವಾಗಿದ್ದರೆ ಭಾಷೆ ಅದನ್ನು ಒಪ್ಪುತ್ತದೆ. ಬಸ್ಸಿನಿಂದ ಯಾರೋ ಇಳಿದದ್ದು ಮಳೆಗೆ ಕಾರಣವಲ್ಲ.

ಕಾಗುಣಿತದ ತಪ್ಪಿಗೆ ಮಾತ್ರ ಕ್ರಿಯಾಪದ ನೆರವಾಗದು, ಪದವನ್ನೇ ಬಿಡಿಸಬೇಕು. ‘ವಿದ್ಯಾರ್ತಿ’ಯೋ ‘ವಿದ್ಯಾರ್ಥಿ’ಯೋ ಎಂಬ ಅನುಮಾನವಿದ್ದರೆ ವಿದ್ಯಾ, ಅರ್ಥಿ ಎಂದು ಬಿಡಿಸಿದಾಗ ಮಹಾಪ್ರಾಣ ತಾನೇ ತೋರುತ್ತದೆ. ‘ಪುನಃ ಮತ್ತೆ’ಯಂಥ ಪುನರುಕ್ತಿಗೆ ಒಂದು ಪದ ತೆಗೆದು ಓದಿದರೆ ಸಾಕು.

ಇಷ್ಟಾದರೂ ಕೆಲವು ಪ್ರಶ್ನೆಗಳು ಕೇಳಬಾರದಂಥವು. ‘ಮೂರು ಕಾಯಿ ಬಿದ್ದಿದೆ’, ‘ಮೂರು ಕಾಯಿ ಬಿದ್ದಿವೆ’ ಎರಡೂ ಬಳಕೆಯಲ್ಲಿವೆ. ನಪುಂಸಕ ಪದಕ್ಕೆ ‘ಗಳು’ ಸೇರದಿದ್ದಾಗ ಏಕವಚನದ ಕ್ರಿಯಾಪದವನ್ನು ತಪ್ಪೆನ್ನುವುದು ಕಷ್ಟ. ಇದನ್ನೇ ದೋಷವೆಂದು ಇಟ್ಟು ಅಂಕ ಕಳೆಯುವ ಪ್ರಶ್ನೆಪತ್ರಿಕೆ ಅಭ್ಯರ್ಥಿಯ ಭಾಷಾಜ್ಞಾನವನ್ನು ಅಳೆಯುತ್ತಿಲ್ಲ. ಅಭ್ಯರ್ಥಿಗೆ ಇಂಥದು ಎದುರಾದರೆ ಮೊದಲು ಉಳಿದ ಭಾಗಗಳನ್ನು ಪೂರ್ತಿ ಪರೀಕ್ಷಿಸಲಿ. ಅಲ್ಲೆಲ್ಲೂ ದೋಷ ಸಿಗದಿದ್ದರೆ ಮಾತ್ರ ಬರಹದ ಕಟ್ಟುನಿಟ್ಟಿನ ನಿಯಮವನ್ನು ಹಿಡಿದು ‘ಬಿದ್ದಿವೆ’ಯನ್ನು ಆರಿಸಲಿ.