ವಾದಿರಾಜರ ಹಾಡು ಎಲ್ಲರದು, ಧ್ವನಿಮುದ್ರಣ ಯಾರದು?

ಸೋಂದಾದ ಕತೆಯನ್ನು ಎರಡು ನಿಮಿಷದ ಅನಿಮೇಷನ್‌ನಲ್ಲಿ ಹೇಳಹೊರಟವರು ಸಂಗೀತಕ್ಕಾಗಿ ದೂರ ಹೋಗಬೇಕಿಲ್ಲ. 1600ರಲ್ಲಿ ಇಲ್ಲೇ ವೃಂದಾವನಸ್ಥರಾದ ವಾದಿರಾಜರ ‘ಲಕ್ಷ್ಮೀ ಶೋಭಾನೆ’ ಇಂದಿಗೂ ಮದುವೆಮನೆಗಳಲ್ಲಿ ಕೇಳಿಸುತ್ತದೆ. ನಾನೂರು ವರ್ಷ ಹಳೆಯ ಹಾಡಿಗೆ ಯಾರನ್ನು ಕೇಳಬೇಕು ಎಂದು ಅನ್ನಿಸುವುದು ಸಹಜ. ಎಡವುವುದೂ ಅಲ್ಲೇ.

ಸಾಹಿತ್ಯವೇನೋ ಎಲ್ಲರದು. ಆದರೆ ಅದಕ್ಕೆ ಈಚಿನವರೊಬ್ಬರು ಹೊಸ ರಾಗ ಹಾಕಿದ್ದರೆ, ಆ ಸಂಯೋಜನೆಯ ಹಕ್ಕು ಅವರ ಜೀವಿತಾವಧಿಯಲ್ಲೂ ನಂತರದ 60 ವರ್ಷವೂ ಉಳಿಯುತ್ತದೆ. ಕ್ಯಾಸೆಟ್ಟಿನದೋ ಸಿ.ಡಿ.ಯದೋ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ. ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ತಟ್ಟೆಯ ಹಕ್ಕು 2020ರ ಕೊನೆಗೆ ಮುಗಿಯಿತು. 1985ರ ಕ್ಯಾಸೆಟ್ಟಿನದು 2045ರವರೆಗೆ ಇದೆ.

ಪುಟ್ಟ ತುಣುಕು ತಾನೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಇಷ್ಟು ಸೆಕೆಂಡಿನವರೆಗೆ ಬಳಸಬಹುದೆಂಬ ಮಾತು ನಮ್ಮ ಕಾಯ್ದೆಯಲ್ಲಿಲ್ಲ. 2022ರ ನವೆಂಬರ್‌ನಲ್ಲಿ, ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಿಗೆ ‘ಕೆಜಿಎಫ್-2’ ಚಿತ್ರದ ಸಂಗೀತ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಯಿತು. ಕಾಂಗ್ರೆಸ್‌ನ ಟ್ವಿಟರ್ ಖಾತೆಯನ್ನೇ ತಡೆಹಿಡಿಯುವಂತೆ ಆದೇಶವಾಯಿತು. ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಮರುದಿನ ಆದೇಶವನ್ನು ರದ್ದುಪಡಿಸಿತು. ರಾಷ್ಟ್ರೀಯ ಪಕ್ಷಕ್ಕಾದರೆ ವಕೀಲರ ಪಡೆಯಿರುತ್ತದೆ, ಊರಿನ ಹವ್ಯಾಸಿಗೆಲ್ಲಿ?

ಉಚಿತವೆಂದು ಜಾಲದಲ್ಲಿ ಸಿಗುವ ಸಂಗೀತದಲ್ಲೂ ಒಂದು ಸೂಕ್ಷ್ಮವಿದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ND ಎಂದಿದ್ದರೆ ಅದನ್ನು ಅನಿಮೇಷನ್‌ಗೆ ಹಚ್ಚುವಂತಿಲ್ಲ. ಚಲಿಸುವ ಚಿತ್ರಕ್ಕೆ ಸಂಗೀತ ಹೊಂದಿಸುವುದನ್ನೇ ಆ ಪರವಾನಗಿ ರೂಪಾಂತರವೆಂದು ಎಣಿಸುತ್ತದೆ.

ಇಷ್ಟೆಲ್ಲ ನೋಡಿದರೆ, ಶಿರಸಿ ಸೀಮೆಯಲ್ಲೇ ಹಾಡುವವರೊಬ್ಬರನ್ನು ಕರೆದು ಸಂಪ್ರದಾಯದ ಧಾಟಿಯಲ್ಲಿ ಹೊಸದಾಗಿ ಹಾಡಿಸಿಕೊಳ್ಳುವುದೇ ಸರಿಯಾದ ದಾರಿ. ಮೈಕು, ನಿಶ್ಶಬ್ದವಾದ ಕೋಣೆ, ಅರ್ಧ ದಿನ ಸಾಕು. ಆದರೆ ಹಾಡಿದವರಿಗೂ ಕಲಾವಿದರ ಹಕ್ಕಿದೆ, ಅದು 50 ವರ್ಷದ್ದು. ಪರಿಚಯದವರೆಂದು ಬಾಯಿಮಾತಿನಲ್ಲಿ ಮುಗಿಸಬಾರದು. ಒಪ್ಪಿಗೆ ಪತ್ರದಲ್ಲಿ ಹಾಡಿನ ಹೆಸರು, ಬಳಕೆ, ಸಂಭಾವನೆಯ ಜತೆಗೆ ಅವಧಿ ಮತ್ತು ಪ್ರದೇಶವೂ ಇರಬೇಕು. ಪರವಾನಗಿಯಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ಜಾಲಕ್ಕೇರಿದ ವಿಡಿಯೊವನ್ನು ಅಮೆರಿಕದಲ್ಲಿರುವ ಮಗಳೂ ನೋಡುತ್ತಾಳೆ, ಆರನೇ ವರ್ಷವೂ ಅದು ಅಲ್ಲೇ ಇರುತ್ತದೆ.

ಸ್ವಂತ ಧ್ವನಿಮುದ್ರಣಕ್ಕೂ ಯೂಟ್ಯೂಬ್‌ನ Content ID ಕೆಲವೊಮ್ಮೆ ಹಳೆಯ ಕ್ಯಾಸೆಟ್ಟಿನದೆಂದು ತಪ್ಪು ತಿಳಿದು ಹಕ್ಕು ಹೂಡುತ್ತದೆ. ಆಗ ಗಾಬರಿಯಿಂದ ವಿಡಿಯೊ ಅಳಿಸಬೇಕಿಲ್ಲ. ಆಕ್ಷೇಪ ಸಲ್ಲಿಸಿದರೆ ಎದುರಿನವರು 30 ದಿನದೊಳಗೆ ಉತ್ತರಿಸಬೇಕು, ಇಲ್ಲವಾದರೆ ಅವರ ಹಕ್ಕುಕೋರಿಕೆ ಬಿದ್ದುಹೋಗುತ್ತದೆ. ಮೂಲ ಧ್ವನಿ ಕಡತವನ್ನೂ ಸಹಿಯಾದ ಪತ್ರವನ್ನೂ ಆ ದಿನಕ್ಕಾಗಿ ಜೋಪಾನವಾಗಿ ಇಟ್ಟುಕೊಳ್ಳಿ.