ಬನ್ನಿ ಊರಿಗೆಲ್ಲ, ಮಾತು ಒಬ್ಬರಿಗೆ

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಕೊಡುವಾಗ ಆಡುವುದು ಒಂದೇ ಮಾತು: "ಬನ್ನಿ ತೊಗೊಂಡು ಬಂಗಾರದಂಗ ಇರೋಣು." ವರ್ಷವಿಡೀ ಮುಖ ತಿರುವಿಕೊಂಡವರೂ ಅಂದು ಎಲೆ ಕೊಟ್ಟು ಕೈ ಮುಗಿಯುತ್ತಾರೆ. ಈಗ ಎಲೆಯ ಜಾಗಕ್ಕೆ ಎಲೆಯ ಚಿತ್ರ ಬಂದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗ ಹುಡುಗಿಯರ ಫೋನುಗಳಲ್ಲಿ ಅಂದು ಹರಿದಾಡುವ ಚಿತ್ರಗಳಲ್ಲಿ ಕೆಲವಾದರೂ ಒಂದು ಕಾಲಕ್ಕೆ ಪ್ರೀತಿಸಿ, ಬಿಟ್ಟು, ಜಗಳವಿಲ್ಲದೆ ಉಳಿದವರ ನಡುವೆ ಹೋಗಿಬರುತ್ತವೆ. ಅವನು ಬನ್ನಿ ಕಳಿಸುತ್ತಾನೆ, ಅವಳು ಕೈ ಮುಗಿದ ಚಿಹ್ನೆ ಕಳಿಸುತ್ತಾಳೆ. ಸಂಕ್ರಮಣಕ್ಕೆ ಕುಸುರೆಳ್ಳು, ಯುಗಾದಿಗೆ ಬೇವುಬೆಲ್ಲ. "ನಾವಿಬ್ಬರೂ ಈಗಲೂ ಚಂದ ಅದೀವಿ" ಎಂದು ಇಬ್ಬರೂ ಗೆಳೆಯರ ಮುಂದೆ ಹೇಳಿಕೊಳ್ಳುತ್ತಾರೆ.

ಚಂದ ಇರುವುದರ ಬಗ್ಗೆ ನನ್ನ ತಕರಾರಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಪ್ರೀತಿ ಮತ್ತೆ ಬೇಕೆನಿಸಿದಾಗ ಈ ಚಂದವನ್ನೇ ಮರೆಯಾಗಿ ಹಿಡಿಯುತ್ತಾರಲ್ಲ, ತಕರಾರು ಅದರ ಬಗ್ಗೆ. ಅದನ್ನು ಕಲಿಸುವ ಗುರುಗಳೂ ಎಲ್ಲ ಕಡೆ ಇದ್ದಾರೆ. ಹಾಸ್ಟೆಲಿನ ಗೆಳೆಯರು, ರೀಲ್ಸ್ ಮಾಡುವವರು, ಎರಡು ಪ್ರೇಮ ಮುಗಿಸಿ ಪಂಡಿತರಾದ ಅಣ್ಣಂದಿರು, ಎಲ್ಲರದೂ ಒಂದೇ ಉಪದೇಶ: "ಒಮ್ಮಿಗೆ ಕೇಳಬ್ಯಾಡ. ಮೊದಲು ಊಟ ಆತೇನು ಅಂತ ಶುರು ಮಾಡು. ಮಾತು ಬೆಳೀಲಿ. ಆಮ್ಯಾಲೆ ನೋಡೋಣು."

ಈ ಉಪದೇಶ ತಪ್ಪು ಎಂದು ನಾನು ಹೇಳುವುದು ಅದರ ಇನ್ನೊಂದು ತುದಿಯಲ್ಲಿ ಕೂತಿದ್ದವಳಾಗಿ. ನನ್ನೊಡನೆ ಓದಿದ, ಒಂದು ಕಾಲಕ್ಕೆ ನಾನು ಪ್ರೀತಿಸಿದ್ದ ಒಬ್ಬ, ಬಿಟ್ಟು ಎರಡು ವರ್ಷದ ಮೇಲೆ ದಿನಾ ರಾತ್ರಿ "ಊಟ ಆತೇನು" ಎಂದು ಕೇಳತೊಡಗಿದ. ಗೆಳೆತನವೆಂದುಕೊಂಡು ನಾನೂ ಉತ್ತರ ಕೊಟ್ಟೆ. ಆತನ ತಂಗಿಯ ಪರೀಕ್ಷೆ, ನಮ್ಮ ಓಣಿಯ ನೀರಿನ ಪಾಳಿ, ಹೊಸ ಸಿನಿಮಾ, ಹೀಗೆ ಮೂರು ತಿಂಗಳು ನಡೆಯಿತು. ಒಂದು ರಾತ್ರಿ ಪ್ರೀತಿಯ ಮಾತು ಬಂತು. ನನಗೆ ಆ ಮನಸ್ಸಿಲ್ಲ ಎಂದೆ. ಆಗ ಬಂದ ಉತ್ತರ ಇದು: "ಹಂಗಾರ ಮೂರು ತಿಂಗಳು ಯಾಕ ಮಾತಾಡಿದಿ?"

ನನ್ನ ಪ್ರತಿ "ಹೂಂ, ಉಂಡೆ" ಎಂಬುದನ್ನೂ ಆತ ಲೆಕ್ಕ ಬರೆದಿಟ್ಟಿದ್ದ. ನಾನು ಕೊಟ್ಟದ್ದು ಸೌಜನ್ಯ, ಆತ ಜಮಾ ಮಾಡಿಕೊಂಡದ್ದು ಒಪ್ಪಿಗೆ. ಪ್ರಶ್ನೆ ಏನೆಂದು ನನಗೆ ಗೊತ್ತೇ ಇಲ್ಲದಿದ್ದಾಗ ನಾನು ಉತ್ತರ ಕೊಡುತ್ತಿದ್ದೆ. ಅಂದಿನಿಂದ ಅವನ ಬನ್ನಿಯೂ ನಿಂತಿತು. ಗೆಳೆತನ ಕೆಡಬಾರದೆಂದು ಸುತ್ತಿ ಬಳಸಿ ಬಂದ ದಾರಿಯೇ ಗೆಳೆತನವನ್ನು ಕೆಡಿಸಿತು. ನೇರ ಕೇಳಿದ್ದರೆ ಮೊದಲ ದಿನವೇ ಇಲ್ಲ ಅನ್ನುತ್ತಿದ್ದೆ, ಮುಂದಿನ ದಸರೆಗೆ ಬನ್ನಿಯನ್ನೂ ಕೊಡುತ್ತಿದ್ದೆ.

ಇದಕ್ಕೆ ವಿರುದ್ಧದ ತಪ್ಪು ಸಾಹಿತ್ಯ ಓದಿದವರದು. ನಮಗೆ ಸಂದೇಶ ಎಂದಕೂಡಲೇ ಮೇಘದೂತ ನೆನಪಾಗುತ್ತದೆ. ನಾಲ್ಕು ಪುಟ ಬರೆಯುತ್ತೇವೆ: ಮೊದಲ ಮಳೆ, ಭೀಷ್ಮಕೆರೆಯ ದಂಡೆ, ಬಸ್ ಸ್ಟ್ಯಾಂಡಿನ ಚಹಾ, ಅವಳು ಬಿಟ್ಟು ಹೋದ ಛತ್ರಿ. ಆದರೆ ಕಾಳಿದಾಸನ ಯಕ್ಷ ಯಾರಿಗೆ ಹೇಳಿ ಕಳಿಸುತ್ತಿದ್ದಾನೆ ನೋಡಿ. ಆಕೆ ಅವನ ಹೆಂಡತಿ. ಒಂದು ವರ್ಷದ ಶಾಪದಲ್ಲಿ ಎಂಟು ತಿಂಗಳು ಕಳೆದಿದೆ, ನಾಲ್ಕು ತಿಂಗಳು ತಡೆದುಕೋ ಎಂಬುದು ಅವನ ಮಾತಿನ ತಿರುಳು. ಅವನು ಸಮಾಧಾನ ಹೇಳುತ್ತಿದ್ದಾನೆ, ಪ್ರಶ್ನೆ ಕೇಳುತ್ತಿಲ್ಲ. ನೀವು ಕೇಳುತ್ತಿರುವುದು ಪ್ರಶ್ನೆ. ಅದೂ ಅಲ್ಲದೆ, ಅಷ್ಟು ದೊಡ್ಡ ಕಾವ್ಯದಲ್ಲೂ ತನ್ನ ಗುರುತಿಗೆಂದು ಯಕ್ಷ ಕೊಡುವ ಗುಟ್ಟಿನ ನೆನಪು ಒಂದೇ ಒಂದು. ನಾವು ಇಪ್ಪತ್ತು ಪೇರಿಸುತ್ತೇವೆ. ಓದುವವಳಿಗೆ ಅದು ಪ್ರೀತಿಯಾಗಿ ಕಾಣುವ ಮೊದಲು ಸಾಲದ ಪಟ್ಟಿಯಾಗಿ ಕಾಣುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹತ್ತು ಪರ್ವ ಬರೆದ, ನಿಜ. ಅವನಿಗೆ ಹೇಳುವುದಕ್ಕೆ ಭಾರತವಿತ್ತು. ನಮಗೆ ಕೇಳುವುದಕ್ಕೆ ಇರುವುದು ಒಂದು ಮಾತು.

ಹಾಗಾದರೆ ಸುಮ್ಮನಿರುವುದೇ ವಾಸಿ, ಮುಗಿದದ್ದು ಮುಗಿಯಿತು ಎನ್ನುವವರೂ ಇದ್ದಾರೆ. ಅವರು ಜೇನ್ ಆಸ್ಟಿನ್ ಅವರ 'ಪರ್ಸುಯೇಷನ್' ಓದಬೇಕು. ಲೇಖಕಿ ತೀರಿಕೊಂಡ ಕೆಲವೇ ತಿಂಗಳಿಗೆ, 1817ರ ಕೊನೆಯಲ್ಲಿ, ಹೊರಬಂದ ಕಾದಂಬರಿ ಅದು. ಹತ್ತೊಂಬತ್ತರ ಆ್ಯನ್ ಎಲಿಯಟ್, ಹಣವಿಲ್ಲದ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಹಿರಿಯರ ಮಾತಿಗೆ ಕಟ್ಟುಬಿದ್ದು ಬಿಡುತ್ತಾಳೆ. ಎಂಟು ವರ್ಷದ ಮೇಲೆ ಅವನ ಪತ್ರದಿಂದ ಇಬ್ಬರೂ ಕೂಡುತ್ತಾರೆ. ಆ ಪತ್ರವನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕಾಡುವುದು ಅದರ ನಂತರದ ಒಂದು ಸಣ್ಣ ಮಾತುಕತೆ. ಬಿಟ್ಟು ಎರಡೇ ವರ್ಷಕ್ಕೆ, 1808ರಲ್ಲಿ, ಅವನ ಕೈಯಲ್ಲಿ ಕೆಲವು ಸಾವಿರ ಪೌಂಡ್ ಇತ್ತು, ಹಡಗಿನ ಅಧಿಕಾರವೂ ಸಿಕ್ಕಿತ್ತು. ಆಗ ನಾನು ಬರೆದಿದ್ದರೆ ನೀನು ಒಪ್ಪುತ್ತಿದ್ದೆಯಾ ಎಂದು ಕೇಳುತ್ತಾನೆ. ಒಪ್ಪುತ್ತಿದ್ದೆ ಎಂಬುದು ಅವಳ ದನಿಯಲ್ಲೇ ತಿಳಿಯುತ್ತದೆ. ಅಂದರೆ ಉಳಿದ ಆರು ವರ್ಷ ಹೋದದ್ದು ಹಿರಿಯರಿಂದಲ್ಲ, ಬಡತನದಿಂದಲ್ಲ. ಕೇಳುವುದಕ್ಕೆ ಅವನ ಬಿಂಕ ಬಿಡಲಿಲ್ಲ, ಅಷ್ಟೆ.

ಆ ಮಾತುಕತೆಯಲ್ಲಿ ಇನ್ನೊಂದು ಪಾಠವೂ ಇದೆ. 1808ರಲ್ಲಿ ಬರೆಯುವುದಕ್ಕೆ ಕಾರಣವಿತ್ತು, ಏಕೆಂದರೆ ಬಿಡಿಸಿದ ಸಂಗತಿ ಬದಲಾಗಿತ್ತು. ನಮ್ಮ ಕಡೆ ಪ್ರೀತಿ ಮುರಿಯುವುದು ಹೆಚ್ಚಾಗಿ ಮನೆಯ ಕಟ್ಟೆಯ ಮೇಲೆ: ಜಾತಿ, ಜಾತಕ, ನೌಕರಿ, ಅಕ್ಕನ ಮದುವೆ ಆಗಬೇಕು ಎಂಬ ಮಾತು. ಅದು ಹಾಗೇ ಇದ್ದು ನಿಮಗೆ ಬರೀ ಬೇಸರವಾಗಿದ್ದರೆ, ನೀವು ಕೇಳುತ್ತಿರುವುದು ಹಳೆಯ ನೋವನ್ನು ಇನ್ನೊಮ್ಮೆ ತಿನ್ನು ಎಂದು. ಏನು ಬದಲಾಗಿದೆ ಎಂದು ಒಂದು ವಾಕ್ಯದಲ್ಲಿ ಹೇಳಲಾಗದವರು ಬರೆಯಬೇಡಿ. ಆ ಕಡೆಯವರ ಮದುವೆ ಗೊತ್ತಾಗಿದ್ದರೆ, ಇನ್ನೊಬ್ಬರೊಡನೆ ಇದ್ದರೆ, ಮಾತು ಬೇಡ ಎಂದು ಹಿಂದೆಯೇ ಹೇಳಿದ್ದರೆ, ಆಗಲೂ ಬರೆಯಬೇಡಿ.

ಈಗ ಒಂದು ಮೆಸೇಜಿನ ಕಥೆ ಹೇಳುತ್ತೇನೆ. ಗದಗಿನಲ್ಲಿ ಒಟ್ಟಿಗೆ ಓದಿದ ಇಬ್ಬರು, ಹುಡುಗ ಮುಂಡರಗಿಯ ಕಡೆಯವನು, ಹುಡುಗಿ ಲಕ್ಷ್ಮೇಶ್ವರದವಳು. ಮನೆಯಲ್ಲಿ ಬಾಯಿ ಬಿಡಲು ಅವನು ಹೆದರಿದ್ದರಿಂದ ಬಿಟ್ಟರು. ಐದು ವರ್ಷ ಬನ್ನಿ, ಕುಸುರೆಳ್ಳು ತಪ್ಪಲಿಲ್ಲ. ಶಿರಹಟ್ಟಿಯಲ್ಲಿ ಗೆಳತಿಯ ಮದುವೆಗೆ ಹೋದಾಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು. ಅದಾದ ವಾರಕ್ಕೆ ಅವನು ನನಗೆ ಮೂರು ಪುಟದ ಕರಡು ಕಳಿಸಿ, "ಅಕ್ಕಾರ, ಹ್ಯಾಂಗೈತಿ ನೋಡ್ರಿ" ಎಂದ.

ನೆನಪುಗಳನ್ನೆಲ್ಲ ಹೊಡೆದು ಹಾಕಿದೆ. "ನೀನಿಲ್ಲದೆ ಬದುಕಿಲ್ಲ" ಎಂಬುದನ್ನೂ ತೆಗೆಸಿದೆ. ಅದು ಪ್ರೀತಿಯಲ್ಲ, ಬೆದರಿಕೆ. "ನೀನೂ ನನ್ನನ್ನು ಮರೆತಿಲ್ಲ ಅಂತ ಪಂಕ್ತಿಯಲ್ಲಿ ಗೊತ್ತಾತು" ಎಂಬುದಕ್ಕೆ ನನಗೆ ಸಿಟ್ಟೇ ಬಂತು. ಅವಳ ಉತ್ತರವನ್ನು ಇವನೇ ಬರೆದುಬಿಟ್ಟಿದ್ದ. "ಆಕಿ ಹೋಳಿಗೆ ಕೇಳಿದ್ದನ್ನೂ ಅರ್ಥ ಮಾಡಬ್ಯಾಡಪ್ಪ" ಎಂದೆ. ಗೆಳತಿಯ ಕೈಲಿ ಹೇಳಿಸುತ್ತೇನೆ ಎಂದ, ಅದೂ ಬೇಡವೆಂದೆ. ನಡುವೆ ಮೂರನೆಯವರು ನಿಂತರೆ ಇಲ್ಲ ಅನ್ನುವುದು ಎರಡು ಪಟ್ಟು ಕಷ್ಟ, ಮತ್ತು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಕೊನೆಗೆ ಉಳಿದದ್ದು ಇಷ್ಟು:

"ಒಂದು ಮಾತು ಕೇಳೂದೈತಿ, ಪುರಸೊತ್ತಾದಾಗ ಓದು. ನಿನ್ನ ಮ್ಯಾಲೆ ನನಗ ಇನ್ನೂ ಪ್ರೀತಿ ಐತಿ, ಬರೇ ಗೆಳೆತನ ಅಲ್ಲ. ಆವಾಗ ಮನ್ಯಾಗ ಮಾತಾಡಾಕ ಹೆದರಿದ್ದೆ, ತಪ್ಪು ನಂದು. ಈಗ ನನ್ನ ಮದಿವಿ ನಾನ ಆರಿಸ್ತೀನಿ ಅಂತ ಅಪ್ಪಗ ಹೇಳೀನಿ, ನಿನ್ನ ಹೆಸರು ತಗದಿಲ್ಲ. ನಿನಗೂ ಮನಸ್ಸಿದ್ರ ಒಮ್ಮೆ ಕೂತು ಮಾತಾಡೋಣು. ಇಲ್ಲಂದ್ರ ಇಲ್ಲ ಅನ್ನು, ಏನೂ ಬರೀದಿದ್ರೂ ತಿಳಕೋತೀನಿ. ಮತ್ತ ಕೇಳೂದಿಲ್ಲ."

ಮೊದಲ ಸಾಲು ಹಾಗೆ ಸಪ್ಪೆಯಾಗಿರುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಫೋನು ಅಡುಗೆಮನೆಯ ಕಟ್ಟೆಯ ಮೇಲೆ, ದೇವರ ಜಗಲಿಯ ಹತ್ತಿರ, ತಮ್ಮನ ಕೈಯಲ್ಲಿ ಇರುತ್ತದೆ. ಪರದೆಯ ಮೇಲೆ ಮೊದಲು ಮಿನುಗುವುದು ಆ ಸಾಲು. ಅಲ್ಲಿ ಪ್ರೀತಿ ಎಂದು ಬರೆದರೆ ನಿಮ್ಮ ಧೈರ್ಯಕ್ಕೆ ದಂಡ ಕಟ್ಟುವವಳು ಅವಳು. "ಬರೇ ಗೆಳೆತನ ಅಲ್ಲ" ಎಂಬುದು ಇಡೀ ಮೆಸೇಜಿನ ಬೆನ್ನೆಲುಬು. ಅದಿಲ್ಲದಿದ್ದರೆ ಭೇಟಿಯೂ ಇನ್ನೊಂದು "ಊಟ ಆತೇನು" ಆಗುತ್ತದೆ. ಹೆಸರು ತೆಗೆದಿಲ್ಲ ಎಂಬುದು ಅವಳು ಒಪ್ಪುವ ಮೊದಲು ಅವಳನ್ನು ಯಾರ ಬಾಯಿಗೂ ಹಾಕಿಲ್ಲ ಎಂಬ ಭರವಸೆ. ಕೊನೆಯ ಸಾಲು ಬರೆಯಲು ಸುಲಭ, ಪಾಲಿಸಲು ಕಷ್ಟ.

ಬನ್ನಿಯ ದಿನ ಕಳಿಸುತ್ತೇನೆ ಎಂದಿದ್ದ. ನಾನು ಒಪ್ಪಲಿಲ್ಲ. ಬನ್ನಿ ಊರಿಗೆಲ್ಲ ಕೊಡುವಂಥದ್ದು, ಅಂದು ಬ್ಯಾಡ ಅನ್ನುವುದು ರೂಢಿಯಲ್ಲಿಲ್ಲ. ಇಲ್ಲ ಅನ್ನಲಾಗದ ದಿನ ಪ್ರಶ್ನೆ ಕೇಳುವುದು ಜಾಣತನವಿರಬಹುದು, ಪ್ರಾಮಾಣಿಕತೆಯಲ್ಲ. ಒಂದು ಮಾಮೂಲಿ ಮಂಗಳವಾರ, ಹಗಲಿನಲ್ಲಿ ಕಳಿಸಿದ. ಅರ್ಧ ತಾಸಿಗೆ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ರಾತ್ರಿ ಅಳಿಸಿಬಿಡಲೇ ಎಂದು ನನಗೆ ಫೋನು ಮಾಡಿದ. ಓದಿ ಆದ ಮೇಲೆ ಅಳಿಸಿದರೆ ಉಳಿಯುವುದು ಅಳಿಸಿದ ಗುರುತು ಮತ್ತು ಇವನ ಪುಕ್ಕಲುತನ. ಬುಧವಾರ "ಓದಿದಿ ಏನ?" ಎಂದು ಕೇಳಲೇ ಎಂದ. ಮತ್ತೆ ಕೇಳುವುದಿಲ್ಲ ಎಂದು ಬರೆದವರಾರು ಎಂದೆ. ಸುಮ್ಮನಾದ.

ಶುಕ್ರವಾರ ಉತ್ತರ ಬಂತು: "ಹೂಂ ಅನ್ನಾಕೂ ಆಗವಲ್ದು, ಇಲ್ಲ ಅನ್ನಾಕೂ ಆಗವಲ್ದು. ಅಪ್ಪಗ ಖರೇನ ಹೇಳೀಯೇನು? ಭೆಟ್ಟಿಯಾದಾಗ ಅದನ್ನ ಮೊದಲು ಕೇಳಾಕಿ ನಾ."

ನೋಡಿ, ಅವಳು ಹಿಡಿದದ್ದು ಛತ್ರಿಯನ್ನಲ್ಲ, ಮಳೆಯನ್ನಲ್ಲ. ಏನು ಬದಲಾಗಿದೆ ಎಂಬ ಒಂದು ಸಾಲನ್ನು. ಮೂರು ಪುಟ ಹೋಗಿದ್ದರೆ ಆ ಸಾಲು ನೆನಪುಗಳ ರಾಶಿಯಲ್ಲಿ ಹೂತುಹೋಗುತ್ತಿತ್ತು, ಅವಳು ಕೇಳಬೇಕಾದ ಪ್ರಶ್ನೆಯೂ. ಗಿಡ್ಡ ಮೆಸೇಜು ಅವಳ ಕೈಗೆ ಪ್ರಶ್ನೆ ಕೊಟ್ಟಿತು. ಅದಕ್ಕೆ ಉತ್ತರ ಕೊಡಬೇಕಾದವನು ಈಗ ಅವನು.

ಮುಂದೆ ಏನಾಯಿತು ಎಂಬುದು ಅವರಿಬ್ಬರದು. ಇಲ್ಲ ಎಂದೇ ಉತ್ತರ ಬಂದಿದ್ದರೂ ನನ್ನ ವಾದ ಬದಲಾಗುತ್ತಿರಲಿಲ್ಲ. ಮುಂದಿನ ದಸರೆಗೆ ಅವಳು ಬನ್ನಿ ಕಳಿಸಿದರೆ, ಆ ಎಲೆಯ ಹಿಂದೆ ಬೇರೆ ಅರ್ಥ ಹುಡುಕುವ ಕೆಲಸ ಅವನಿಗೆ ಇರುತ್ತಿರಲಿಲ್ಲ. ಕೈ ಮುಗಿದು ತೆಗೆದುಕೊಳ್ಳುತ್ತಿದ್ದ.